ಮುಖಪುಟಕ್ಕೆ ಫೋಟೊ ಕೇಳುವ ಪತ್ರ

ಒಂದು ಫೋಟೊವನ್ನು ಇದ್ದ ಹಾಗೆಯೇ ಪುಸ್ತಕದ ಮುಖಪುಟಕ್ಕೆ ಅಚ್ಚು ಹಾಕುವುದು ಒಂದು ಬಗೆ. ಅದರ ಹಿನ್ನೆಲೆ ಅಳಿಸಿ, ಬಣ್ಣಗಳನ್ನು ಎರಡು ಮೂರಕ್ಕೆ ಇಳಿಸಿ, ಮುಖವನ್ನು ರೇಖೆಗಳಲ್ಲಿ ಹಿಡಿದು, ಕೈಯಿಂದ ಬರೆದ ಚಿತ್ರದಂತೆ ಮಾಡಿ ಬಳಸುವುದು ಇನ್ನೊಂದು ಬಗೆ. ಕಥೆ, ಕಾದಂಬರಿಗಳ ಮುಖಪುಟದಲ್ಲಿ ಈ ಎರಡನೆಯ ಬಗೆ ಹೆಚ್ಚು ಕಾಣಸಿಗುತ್ತದೆ. ಇಷ್ಟೆಲ್ಲ ಬದಲಾದ ಮೇಲೆ ಅದು ಹೊಸ ಚಿತ್ರವೇ ತಾನೆ, ಮೂಲದ ಛಾಯಾಗ್ರಾಹಕರನ್ನು ಕೇಳುವುದೇನಿದೆ ಎಂಬ ವಾದ ವಿನ್ಯಾಸಕಾರರಲ್ಲೂ ಪ್ರಕಾಶಕರಲ್ಲೂ ಉಂಟು. ಕಾನೂನು ಹಾಗೆ ನೋಡುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಫೋಟೊ ಒಂದು ಕಲಾಕೃತಿ. ಅದನ್ನು ತೆಗೆದವರೇ ಅದರ ಕರ್ತೃ. ಕೃತಿಯನ್ನು ಪ್ರತಿ ಮಾಡುವ ಹಕ್ಕು ಹೇಗೆ ಒಡೆಯರದ್ದೋ, ಅದನ್ನು ಮಾರ್ಪಡಿಸಿ, ಹೊಸದಾಗಿ ಜೋಡಿಸಿ ಬಳಸುವ ಹಕ್ಕೂ ಹಾಗೆಯೇ ಅವರದ್ದು. ಕಾಯಿದೆ ಇವೆರಡನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಆದ್ದರಿಂದ ಫೋನಿನಲ್ಲಿ ಛಾಯಾಗ್ರಾಹಕರು "ಬಳಸಿಕೊಳ್ಳಿ, ಅದಕ್ಕೇನಂತೆ" ಎಂದರೆ ಅಚ್ಚು ಹಾಕಲು ಒಪ್ಪಿದರು ಎಂದಷ್ಟೇ ತಿಳಿಯಬೇಕು. ಚಿತ್ರವನ್ನು ತಿದ್ದಲು ಒಪ್ಪಿದರೆಂದು ಅದರಿಂದ ಹೇಳಲಾಗದು.

ಇಂಥ ಒಪ್ಪಿಗೆಯ ಪತ್ರದಲ್ಲಿ ಎರಡು ಸಾಲು ಇದ್ದುದರಿಂದ, ಇನ್ನೆರಡು ಸಾಲು ಇಲ್ಲದ್ದರಿಂದ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ಗಾಯಕ ಪ್ರಿನ್ಸ್ ಅವರ ಭಾವಚಿತ್ರ ತೆಗೆದರು. 1984ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆ ಆ ಫೋಟೊವನ್ನು ಕಲಾವಿದರೊಬ್ಬರು ಚಿತ್ರ ಬರೆಯಲು ಆಧಾರವಾಗಿ ಕೇಳಿ ಪಡೆಯಿತು. ಕೊಟ್ಟ ಹಣ 400 ಡಾಲರ್. ಒಂದು ಸಂಚಿಕೆಯಲ್ಲಿ ಮಾತ್ರ ಬಳಕೆ, ಮೂಲ ಫೋಟೊ ಯಾರದೆಂಬ ಉಲ್ಲೇಖ, ಬೇರೆ ಯಾವ ಹಕ್ಕೂ ಇಲ್ಲ ಎಂಬುದು ಷರತ್ತು. ಚಿತ್ರ ಮಾಡಿದವರು ಆಂಡಿ ವಾರ್ಹಾಲ್. ಅವರು ಒಂದಕ್ಕೆ ನಿಲ್ಲಿಸದೆ ಅದೇ ಮುಖದಿಂದ 16 ಚಿತ್ರಗಳ ಸರಣಿಯನ್ನೇ ಮಾಡಿದರು. ಗೋಲ್ಡ್‌ಸ್ಮಿತ್‌ಗೆ ಇದು ತಿಳಿದಿರಲಿಲ್ಲ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅದೇ ಪ್ರಕಾಶನ ಸಂಸ್ಥೆ ಸರಣಿಯ ಕಿತ್ತಳೆ ಬಣ್ಣದ ಚಿತ್ರವನ್ನು ಸ್ಮರಣ ಸಂಚಿಕೆಯ ಮುಖಪುಟಕ್ಕೆ ಹಾಕಿ, ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಕೊಟ್ಟಿತು. ಗೋಲ್ಡ್‌ಸ್ಮಿತ್‌ಗೆ ಹಣವೂ ಬರಲಿಲ್ಲ, ಹೆಸರೂ ಬರಲಿಲ್ಲ. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರ ಮೇ ತಿಂಗಳಲ್ಲಿ 7–2ರ ಬಹುಮತದಿಂದ ಅವರ ಪರವಾಗಿ ತೀರ್ಪು ಬಂತು. ಪತ್ರಿಕೆಗೆ ಆ ಚಿತ್ರವನ್ನು ಬಳಕೆಗೆ ಕೊಟ್ಟದ್ದಕ್ಕಷ್ಟೇ ತೀರ್ಪು ಅನ್ವಯಿಸುತ್ತದೆ. ವಾರ್ಹಾಲ್ ಮಾಡಿದ ಚಿತ್ರಗಳೆಲ್ಲ ತಪ್ಪು ಎಂದು ಅದು ಹೇಳಲಿಲ್ಲ. ಆದರೂ ಎಷ್ಟೇ ದೊಡ್ಡ ಕಲಾವಿದ ಬಣ್ಣ ಬದಲಿಸಿದರೂ ಫೋಟೊದ ಋಣ ತಾನಾಗಿ ಹರಿಯುವುದಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು. 1984ರ ಆ ಚಿಕ್ಕ ಕರಾರಿನಲ್ಲಿ ಬಳಕೆಯ ಮಿತಿ ಬರೆದಿಟ್ಟಿರದಿದ್ದರೆ ವಾದ ಹೂಡಲು ಅವರಿಗೆ ಇಷ್ಟು ಗಟ್ಟಿ ನೆಲ ಸಿಗುತ್ತಿರಲಿಲ್ಲ.

ಪತ್ರ ಬರೆಯುವ ಮೊದಲು ಅದನ್ನು ಯಾರಿಗೆ ಬರೆಯಬೇಕು ಎಂಬುದು ಇತ್ಯರ್ಥವಾಗಬೇಕು. ತೆಗೆದವರೇ ಸಾಮಾನ್ಯವಾಗಿ ಒಡೆಯರು. ಆದರೆ ಯಾವಾಗಲೂ ಅಲ್ಲ. ಹಣ ಕೊಟ್ಟು ತೆಗೆಸಿದ ಫೋಟೊದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಸಂಬಳದ ಮೇಲೆ ಪತ್ರಿಕೆಯಲ್ಲಿ ದುಡಿಯುವ ಛಾಯಾಗ್ರಾಹಕರ ಚಿತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರಿಗೆ ಹೋಗುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಉಳಿದ ಬಳಕೆಯ ಹಕ್ಕು ಛಾಯಾಗ್ರಾಹಕರಲ್ಲೇ ಉಳಿಯುತ್ತದೆ. ಛಾಯಾಗ್ರಾಹಕರು ತೀರಿಕೊಂಡಿದ್ದರೆ ವಾರಸುದಾರರನ್ನು ಕೇಳಬೇಕು. 2012ರ ತಿದ್ದುಪಡಿಯ ನಂತರ ಫೋಟೊದ ಕೃತಿಸ್ವಾಮ್ಯವೂ ಸಾಹಿತ್ಯ ಕೃತಿಯಂತೆ ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟ ಫೋಟೊಗಳಲ್ಲಿ ಕೆಲವಕ್ಕೆ ಹೆಸರು ಹೇಳಿ, ಬದಲಾಯಿಸಿರುವುದನ್ನು ತಿಳಿಸಿದರೆ ಸಾಕು. ಆದರೆ ಮಾರ್ಪಾಡು ಕೂಡದು ಅಥವಾ ವ್ಯಾಪಾರಕ್ಕೆ ಕೂಡದು ಎಂದು ಪರವಾನಗಿಯಲ್ಲಿದ್ದರೆ ಮಾರಾಟದ ಪುಸ್ತಕಕ್ಕೆ ಪ್ರತ್ಯೇಕ ಪತ್ರವೇ ದಾರಿ. ಆ ಸೂಚನೆಯನ್ನು ಓದದೆ, 'ಉಚಿತ ಚಿತ್ರ' ಎಂದು ಎತ್ತಿಕೊಳ್ಳುವವರೇ ಹೆಚ್ಚು.

ಪತ್ರ ಹೇಗಿರಬೇಕು ಎಂದು ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಸಣ್ಣ ಪ್ರಕಾಶನವೊಂದು ಕರಾವಳಿಯ ಕಥೆಗಳ ಸಂಕಲನ ತರುತ್ತಿದೆ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿರುವ ಹೆಂಗಸಿನ ಫೋಟೊ ವಿನ್ಯಾಸಕಾರರಿಗೆ ಹಿಡಿಸಿದೆ. ಹಿಂದೆ ದೋಣಿಗಳ ಸಾಲು, ಮೇಲೆ ಮಳೆಮೋಡ. ಪತ್ರದ ಮೊದಲ ಭಾಗ ಹೀಗಿರಬಹುದು:

"ಮಾನ್ಯರೆ, ನಮಸ್ಕಾರ. ನಮ್ಮ ಪ್ರಕಾಶನದಿಂದ ಹೊರಬರಲಿರುವ ಕಥಾಸಂಕಲನದ ಮುಖಪುಟಕ್ಕೆ ತಮ್ಮ ಛಾಯಾಚಿತ್ರವೊಂದನ್ನು ಮಾರ್ಪಡಿಸಿ ಬಳಸಲು ಅನುಮತಿ ಕೋರಿ ಈ ಪತ್ರ. ಚಿತ್ರ ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತ ಮಹಿಳೆಯದು. ತಮ್ಮ ಜಾಲತಾಣದಲ್ಲಿ DSC_4127 ಎಂಬ ಹೆಸರಿನಲ್ಲಿದೆ. ಗುರುತಿಗಾಗಿ ಅದರ ಸಣ್ಣ ಪ್ರತಿಯನ್ನು ಲಗತ್ತಿಸಿದ್ದೇವೆ. ಈ ಚಿತ್ರದ ಹಕ್ಕು ತಮ್ಮಲ್ಲಿಯೇ ಇದೆಯೇ, ಚಿತ್ರದಲ್ಲಿರುವ ಮಹಿಳೆಯ ಒಪ್ಪಿಗೆ ತಮ್ಮ ಬಳಿ ಇದೆಯೇ ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇವೆ."

ಹೊಗಳಿಕೆಯಿಂದ ಶುರು ಮಾಡಿ, ಕೇಳಬೇಕಾದ್ದನ್ನು ಮೂರನೆಯ ಪುಟಕ್ಕೆ ತಳ್ಳುವ ಪತ್ರಗಳಿಗಿಂತ ಇದು ಮೇಲು. ಒಂದೇ ದಿನ, ಒಂದೇ ಜಾಗದಲ್ಲಿ ಛಾಯಾಗ್ರಾಹಕರು ನೂರಾರು ಚಿತ್ರ ತೆಗೆದಿರುತ್ತಾರೆ. ಕಡತದ ಹೆಸರೂ ಸಣ್ಣ ಪ್ರತಿಯೂ ಇಲ್ಲದಿದ್ದರೆ ಒಪ್ಪಿಗೆ ಯಾವುದಕ್ಕೆ ಎಂಬುದೇ ಗೊಂದಲವಾಗುತ್ತದೆ. ಚಿತ್ರದಲ್ಲಿರುವ ವ್ಯಕ್ತಿಯ ಪ್ರಶ್ನೆ ಬೇರೆಯೇ. ಛಾಯಾಗ್ರಾಹಕರ ಅನುಮತಿ ಚಿತ್ರಕ್ಕೆ ಸಲ್ಲುತ್ತದೆ, ಆ ಹೆಂಗಸಿಗಲ್ಲ. ವರದಿಯ ಜೊತೆಗೆ ಅಚ್ಚಾದಾಗ ಯಾರೂ ಏನೂ ಅನ್ನದ ಮುಖ, ಸಂಸಾರ ಬಿಟ್ಟುಹೋದವಳ ಕಥೆಯ ಮೇಲೆ ಕೂತರೆ ಊರಲ್ಲಿ ಬೇರೆ ಅರ್ಥ ಪಡೆಯುತ್ತದೆ. ರೇಖೆಗೆ ಇಳಿಸಿದರೂ ನಡಿಗೆ, ಸೀರೆ, ಬುಟ್ಟಿಗಳಿಂದ ಬಲ್ಲವರು ಗುರುತು ಹಿಡಿಯುತ್ತಾರೆ.

ಪತ್ರದ ಎರಡನೆಯ ಭಾಗ ಬಹುತೇಕ ಪತ್ರಗಳಲ್ಲಿ ಇರುವುದೇ ಇಲ್ಲ. ಏನನ್ನು ಬದಲಾಯಿಸುತ್ತೇವೆ ಎಂಬುದನ್ನು 'ಅಲ್ಪಸ್ವಲ್ಪ ಕಲಾತ್ಮಕ ಬದಲಾವಣೆಗಳೊಂದಿಗೆ' ಎಂಬ ಒಂದೇ ಮಾತಿನಲ್ಲಿ ತೇಲಿಸಿಬಿಡುತ್ತಾರೆ. ಆ ಮಾತು ಕೇಳುವವರಿಗೂ ಕೊಡುವವರಿಗೂ ಕೆಲಸಕ್ಕೆ ಬಾರದು. ಅದರ ಬದಲು ಹೀಗೆ ಬರೆಯಬೇಕು:

"ಚಿತ್ರದಲ್ಲಿ ಮಾಡಬಯಸುವ ಬದಲಾವಣೆಗಳು ಇವು. ಬಲಭಾಗವನ್ನು ಮಾತ್ರ ಉಳಿಸಿಕೊಂಡು, ಎಡಭಾಗದ ದೋಣಿಗಳನ್ನು ಕ್ರಾಪ್ ಮಾಡಲಾಗುವುದು. ಬಣ್ಣಗಳನ್ನು ನೀಲಿ, ಇಟ್ಟಿಗೆ ಕೆಂಪು, ಕಾಗದದ ಬಿಳಿ ಎಂದು ಮೂರಕ್ಕೆ ಇಳಿಸಿ, ನೆರಳು ಬೆಳಕನ್ನು ಚಪ್ಪಟೆ ಬಣ್ಣಗಳಾಗಿ ಮಾಡಲಾಗುವುದು. ಮುಖದ ವಿವರಗಳನ್ನು ರೇಖೆಗಳಲ್ಲಿ ಬರೆಯಲಾಗುವುದು. ಆಕಾಶದ ಭಾಗದ ಮೇಲೆ ಪುಸ್ತಕದ ಹೆಸರು ಬರುತ್ತದೆ. ಚಿತ್ರವನ್ನು ಎಡಬಲ ತಿರುಗಿಸುವುದಿಲ್ಲ. ಮೂಲದಲ್ಲಿ ಇಲ್ಲದ ವ್ಯಕ್ತಿ, ವಸ್ತುಗಳನ್ನು ಸೇರಿಸುವುದಿಲ್ಲ. ಕರಡು ಮುಖಪುಟವನ್ನು ಇದರೊಂದಿಗೆ ಇಟ್ಟಿದ್ದೇವೆ. ಅಂತಿಮ ರೂಪ ಇದಕ್ಕಿಂತ ಬೇರೆಯಾದರೆ ಅಚ್ಚಿಗೆ ಮೊದಲು ತಮಗೆ ಮತ್ತೆ ತೋರಿಸುತ್ತೇವೆ."

ಇದರಲ್ಲಿ ಕ್ರಾಪ್ ಎಂಬುದು ಹೆಸರಿಗೆ ಸಣ್ಣದು, ಪರಿಣಾಮದಲ್ಲಿ ದೊಡ್ಡದು. ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ ಅಡ್ಡವಾಗಿರುತ್ತದೆ, ಉದಾಹರಣೆಗೆ ಅಗಲ 6000, ಎತ್ತರ 4000 ಪಿಕ್ಸೆಲ್. ಡೆಮಿ 1/8 ಆಕಾರದ ಮುಖಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ, ಅಂದರೆ ನಿಂತ ಆಕಾರ. ಪೂರ್ತಿ ಎತ್ತರವನ್ನು ಉಳಿಸಿಕೊಂಡರೂ ಅಗಲದಲ್ಲಿ ಸುಮಾರು 2600 ಪಿಕ್ಸೆಲ್ ಮಾತ್ರ ಉಳಿಯುತ್ತದೆ. ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗೆ ಹೋಗುತ್ತದೆ. ದೋಣಿಗಳ ಸಾಲನ್ನು ಹೊಂದಿಸಲೆಂದೇ ಗಂಟೆಗಟ್ಟಲೆ ಕಾದು ತೆಗೆದ ಚಿತ್ರವಾಗಿದ್ದರೆ ಛಾಯಾಗ್ರಾಹಕರು ಬಣ್ಣ ಬದಲಿಸಲು ಒಪ್ಪಿ, ಕ್ರಾಪ್‌ಗೆ ಒಪ್ಪದೆ ಇರಬಹುದು. ಹಾಗಾದಾಗ ಹಿಂಬದಿಯ ರಕ್ಷಾಪುಟವನ್ನೂ ಸೇರಿಸಿ, ಬೆನ್ನಿನ ಮೇಲೆ ಹಾದುಹೋಗುವಂತೆ ಇಡೀ ಚಿತ್ರವನ್ನು ಹರಡುವ ದಾರಿ ಇದೆ. ಇದು ಚರ್ಚೆಗೆ ಬರುವುದು ಕರಡು ಕಣ್ಣೆದುರಿಗೆ ಇದ್ದಾಗ ಮಾತ್ರ.

ಎಡಬಲ ತಿರುಗಿಸುವುದು ಕಂಪ್ಯೂಟರಿನಲ್ಲಿ ಒಂದು ಗುಂಡಿಯ ಕೆಲಸ, ಆದ್ದರಿಂದ ಯಾರೂ ಅದನ್ನು ಬದಲಾವಣೆ ಎಂದೇ ಎಣಿಸುವುದಿಲ್ಲ. ಆದರೆ ತಿರುಗಿಸಿದ ಚಿತ್ರದಲ್ಲಿ ಎಡ ಹೆಗಲ ಮೇಲಿನ ಸೆರಗು ಬಲ ಹೆಗಲಿಗೆ ಬರುತ್ತದೆ, ದೋಣಿಯ ಮೇಲೆ ಬರೆದ ಹೆಸರು ಕನ್ನಡಿಯ ಅಕ್ಷರವಾಗುತ್ತದೆ. ಓದುಗರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಛಾಯಾಗ್ರಾಹಕರಿಗೆ ತಪ್ಪು ತಕ್ಷಣ ಕಾಣುತ್ತದೆ. ಇಂಥ ವಿಚಾರದಲ್ಲಿ ಅವರ ಕೈಯಲ್ಲಿ ಇನ್ನೊಂದು ಹಕ್ಕೂ ಉಂಟು. ಕಾಯಿದೆಯ 57ನೆಯ ಕಲಮು ಕರ್ತೃವಿನ ವಿಶೇಷ ಹಕ್ಕುಗಳನ್ನು ಹೇಳುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವುದು, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವುದು. ಕೃತಿಸ್ವಾಮ್ಯವನ್ನು ಪೂರ್ತಿ ಮಾರಿಬಿಟ್ಟರೂ ಈ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ಹಣ ಕೊಟ್ಟ ಮಾತ್ರಕ್ಕೆ ಹೆಸರು ಬಿಡಬಹುದು, ಹೇಗೆ ಬೇಕಾದರೂ ತಿದ್ದಬಹುದು ಎಂಬ ಎಣಿಕೆ ಇಲ್ಲಿ ಕೆಡುತ್ತದೆ.

ಮೂರನೆಯ ಭಾಗ ಬಳಕೆಯ ಮಿತಿ. "ಬಳಕೆ: ಕನ್ನಡ ಮುದ್ರಿತ ಪುಸ್ತಕದ ಮೊದಲ ಮುದ್ರಣ 1000 ಪ್ರತಿ, ಮುಂದಿನ ಮುದ್ರಣಗಳು, ಅದೇ ಮುಖಪುಟದ ಇ-ಪುಸ್ತಕ. ಪ್ರದೇಶ: ಜಗತ್ತಿನಾದ್ಯಂತ. ಅವಧಿ: ಒಪ್ಪಿಗೆಯ ದಿನದಿಂದ 10 ವರ್ಷ. ಪುಸ್ತಕದ ಪ್ರಚಾರಕ್ಕಾಗಿ ಇಡೀ ಮುಖಪುಟವನ್ನು ಆಹ್ವಾನ ಪತ್ರಿಕೆ, ಫ್ಲೆಕ್ಸ್, ಜಾಹೀರಾತುಗಳಲ್ಲಿ ತೋರಿಸಬಹುದು. ಚಿತ್ರವನ್ನು ಮಾತ್ರ ಬೇರ್ಪಡಿಸಿ ಬಳಸುವುದಿಲ್ಲ. ಅನುಮತಿ ಏಕಮಾತ್ರವಲ್ಲ, ತಾವು ಮೂಲ ಫೋಟೊವನ್ನು ಬೇರೆಯವರಿಗೂ ಕೊಡಬಹುದು."

ಇದು ಒಣ ಲೆಕ್ಕದಂತೆ ಕಾಣುತ್ತದೆ. ಆದರೆ ಬರೆಯದೆ ಬಿಟ್ಟ ಜಾಗವನ್ನು ಕಾಯಿದೆ ತಾನೇ ತುಂಬುತ್ತದೆ, ಅದೂ ಪ್ರಕಾಶಕರಿಗೆ ಅನುಕೂಲವಾಗುವಂತೆ ಅಲ್ಲ. ಅವಧಿ ಹೇಳದಿದ್ದರೆ 5 ವರ್ಷ ಎಂದು ಭಾವಿಸಲಾಗುತ್ತದೆ. ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಆರನೆಯ ವರ್ಷ ಎರಡನೆಯ ಮುದ್ರಣ ಬಂದರೆ, ಅಥವಾ ಇ-ಪುಸ್ತಕವನ್ನು ಅಮೆರಿಕದ ಕನ್ನಡಿಗರೊಬ್ಬರು ಕೊಂಡರೆ, ಅನುಮತಿ ಅಲ್ಲಿಗೆ ತಲುಪಿರುವುದಿಲ್ಲ. ಇನ್ನೊಂದು ನಿಯಮ ಕನ್ನಡ ಪ್ರಕಾಶನದ ನಿಧಾನಕ್ಕೆ ನೇರವಾಗಿ ತಗಲುತ್ತದೆ: ಬೇರೆ ಮಾತು ಇಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಹೋದಲ್ಲಿ ಅದು ಬಿದ್ದುಹೋಗುತ್ತದೆ. ಅನುದಾನ, ಕರಡು ತಿದ್ದುವಿಕೆ, ಮುನ್ನುಡಿಗಾಗಿ ಕಾಯುವುದು ಇವುಗಳ ನಡುವೆ ಪುಸ್ತಕ ಒಂದೂವರೆ ವರ್ಷ ತಡವಾಗುವುದು ಹೊಸದೇನಲ್ಲ. ಹಾಗಾಗಿ "ಎರಡು ವರ್ಷದೊಳಗೆ ಪ್ರಕಟಿಸುತ್ತೇವೆ, ಅಲ್ಲಿಯವರೆಗೆ ಅನುಮತಿ ಊರ್ಜಿತ" ಎಂಬ ಸಾಲು ಸೇರಿಸುವುದು ಜಾಣತನ. ಪರವಾನಗಿ ಬರವಣಿಗೆಯಲ್ಲಿರಬೇಕು ಎಂಬುದೂ ಕಾಯಿದೆಯ ಮಾತು. ಇ-ಮೇಲ್ ಉತ್ತರವೂ ಬರವಣಿಗೆಯೇ. ಮೊಬೈಲಿನಲ್ಲಿ ಬಂದ ಹೆಬ್ಬೆರಳೆತ್ತಿದ ಚಿಹ್ನೆಯನ್ನು ಮಾತ್ರ ನಂಬಿ ಅಚ್ಚಿಗೆ ಕೊಡುವುದು ಒಳ್ಳೆಯದಲ್ಲ.

ಇನ್ನು ಹೆಸರಿನ ವಿಚಾರ. 'ಸೂಕ್ತ ಕೃತಜ್ಞತೆ ಸಲ್ಲಿಸುತ್ತೇವೆ' ಎಂಬ ಭರವಸೆಯಿಂದಲೇ ಮುಂದಿನ ಮುನಿಸುಗಳೆಲ್ಲ ಹುಟ್ಟುತ್ತವೆ. ಲೇಖಕರ ಮಾತಿನ ಕೊನೆಯಲ್ಲಿ, ಹೆಂಡತಿ ಮಕ್ಕಳು, ಡಿಟಿಪಿ ಮಾಡಿದವರ ಸಾಲಿನಲ್ಲಿ ಛಾಯಾಗ್ರಾಹಕರ ಹೆಸರು ಬಂದರೆ ಅದು ವಂದನೆ ಆಯಿತೇ ಹೊರತು ಕರ್ತೃತ್ವದ ಉಲ್ಲೇಖ ಆಗಲಿಲ್ಲ. ಆ ಉಲ್ಲೇಖದ ಜಾಗ ಪುಸ್ತಕದ ಹೆಸರು, ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬಳಸಿದ ಕಾಗದ, ಬೆಲೆಗಳನ್ನು ಕೊಡುವ ಪುಟ. ಜೊತೆಗೆ ಹಿಂಬದಿಯ ರಕ್ಷಾಪುಟದ ಅಡಿ. ಪತ್ರದಲ್ಲಿ ಪದಗಳನ್ನೇ ಬರೆದು ತೋರಿಸಬೇಕು:

"ಮುದ್ರಣ ವಿವರಗಳ ಪುಟದಲ್ಲಿಯೂ ಹಿಂಬದಿ ರಕ್ಷಾಪುಟದಲ್ಲಿಯೂ ಹೀಗೆ ಅಚ್ಚಾಗುತ್ತದೆ: 'ಮುಖಪುಟದ ಮೂಲ ಛಾಯಾಚಿತ್ರ: (ತಮ್ಮ ಹೆಸರು). ಚಿತ್ರ ರೂಪಾಂತರ ಮತ್ತು ವಿನ್ಯಾಸ: (ವಿನ್ಯಾಸಕಾರರ ಹೆಸರು).' ವಿನ್ಯಾಸಕಾರರ ಹೆಸರು ಇರುವ ಕಡೆಯೆಲ್ಲ ತಮ್ಮ ಹೆಸರೂ ಅದೇ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಹೆಸರು ಕನ್ನಡದಲ್ಲಿ ಹೇಗೆ ಬರೆಯಬೇಕೆಂಬುದನ್ನು ದಯವಿಟ್ಟು ಬರೆದು ತಿಳಿಸಿ."

ಈ ಎರಡು ಹೆಸರುಗಳ ಸಾಲು ಇಬ್ಬರಿಗೂ ನ್ಯಾಯ ಕೊಡುತ್ತದೆ. 'ಮುಖಪುಟ ಚಿತ್ರ' ಎಂದು ಛಾಯಾಗ್ರಾಹಕರ ಹೆಸರನ್ನು ಮಾತ್ರ ಹಾಕಿದರೆ, ಆ ಚಪ್ಪಟೆ ಬಣ್ಣಗಳೂ ಅವರದೇ ಎಂದು ಜನ ತಿಳಿಯುತ್ತಾರೆ. ತಮ್ಮದಲ್ಲದ ಕೆಲಸದ ಹೊಣೆ ಅವರ ಮೇಲೆ ಬೀಳುತ್ತದೆ. 'ಮುಖಪುಟ ವಿನ್ಯಾಸ' ಎಂದು ವಿನ್ಯಾಸಕಾರರ ಹೆಸರು ಮಾತ್ರ ಬಂದರೆ ಮೂಲ ಫೋಟೊ ಮಾಯವಾಗುತ್ತದೆ, ಮತ್ತು ಹೆಚ್ಚಾಗಿ ಆಗುವುದು ಇದೇ. ಇಷ್ಟು ಬದಲಾದ ಚಿತ್ರದಲ್ಲಿ ತಮ್ಮ ಹೆಸರು ಬೇಡ ಎನ್ನುವ ಛಾಯಾಗ್ರಾಹಕರೂ ಇದ್ದಾರೆ. ಅವರಿಗೆ ಆ ಆಯ್ಕೆಯನ್ನು ಪತ್ರದಲ್ಲೇ ಕೊಡುವುದು ಸೌಜನ್ಯ. ಕನ್ನಡದಲ್ಲಿ ಹೆಸರಿನ ಮೊದಲಕ್ಷರಗಳು, ಊರಿನ ಹೆಸರು, ಒತ್ತು ದೀರ್ಘಗಳು ಸುಲಭವಾಗಿ ಕೆಡುತ್ತವೆ. ಅವರು ಇಂಗ್ಲಿಷಿನಲ್ಲಿ ಸಹಿ ಹಾಕಿದ್ದನ್ನು ನೋಡಿ ಕನ್ನಡಕ್ಕೆ ಊಹಿಸಿ ಬರೆಯುವುದಕ್ಕಿಂತ ಕೇಳುವುದೇ ಕ್ಷೇಮ.

ಹೆಸರು ಕಳೆದುಹೋಗುವ ಜಾಗಗಳು ಮುಖ್ಯವಾಗಿ ಮೂರು. ಇ-ಪುಸ್ತಕ ಮಾಡುವಾಗ ಮುದ್ರಣ ವಿವರಗಳ ಪುಟವನ್ನೇ ಮೊಟಕು ಮಾಡುತ್ತಾರೆ. ಎರಡನೆಯ ಮುದ್ರಣದಲ್ಲಿ ಹಿಂಬದಿಗೆ ಹೊಸ ಬೆನ್ನುಡಿ ಸೇರಿ, ಜಾಗ ಸಾಲದೆ ಸಣ್ಣ ಸಾಲೇ ಮೊದಲು ಹಾರಿಹೋಗುತ್ತದೆ. ಲೋಕಾರ್ಪಣೆಯ ಫ್ಲೆಕ್ಸಿನಲ್ಲಿ ಮುಖಪುಟ ದೊಡ್ಡದಾಗಿ ಕಂಡರೂ ಅಡಿಯ ಹೆಸರು ಕಾಣುವುದಿಲ್ಲ. ಮೊದಲೆರಡನ್ನು ಷರತ್ತಿನಲ್ಲೇ ಬರೆದು ತಡೆಯಬಹುದು. ಮೂರನೆಯದಕ್ಕೆ ಎಲ್ಲ ಕಡೆ ಹೆಸರು ಹಾಕುತ್ತೇವೆಂದು ಮಾತು ಕೊಡದಿರುವುದೇ ಪ್ರಾಮಾಣಿಕತೆ. ಅಚ್ಚಾಗುವ ಆಹ್ವಾನ ಪತ್ರಿಕೆಗೆ ಮಾತ್ರ ಮಾತು ಕೊಟ್ಟರೂ ಸಾಕು. ಆದರೂ ತಪ್ಪಿದರೆ ಏನು ಮಾಡಬೇಕೆಂದು ಪತ್ರವೇ ಹೇಳಬೇಕು: ಇ-ಪುಸ್ತಕದಲ್ಲಿ ಏಳು ದಿನದೊಳಗೆ ತಿದ್ದುಪಡಿ, ಮಾರಾಟವಾಗದೆ ಉಳಿದ ಪ್ರತಿಗಳಿಗೆ ಅಂಟಿಸುವ ಚೀಟಿ, ಮುಂದಿನ ಮುದ್ರಣದಲ್ಲಿ ಸರಿಯಾದ ಸಾಲು.

ಸಂಭಾವನೆಯ ಮಾತು ಕೊನೆಯಲ್ಲಿ ಬಂದರೂ ಮುಚ್ಚುಮರೆ ಇರಬಾರದು. ಹಣ ಇಲ್ಲದಿದ್ದರೆ ಇಲ್ಲ ಎಂದೇ ಬರೆಯುವುದು ಒಳ್ಳೆಯದು. "ಸಂಭಾವನೆ 5,000 ರೂಪಾಯಿ, ತಮ್ಮ ಒಪ್ಪಿಗೆ ಬಂದ 15 ದಿನದೊಳಗೆ, ಪುಸ್ತಕ ಹೊರಬಾರದಿದ್ದರೂ ಇದನ್ನು ಮರಳಿ ಕೇಳುವುದಿಲ್ಲ. ಐದು ಗೌರವಪ್ರತಿಗಳು. ಪ್ರತಿ ಮರುಮುದ್ರಣಕ್ಕೂ 2,000 ರೂಪಾಯಿ ಮತ್ತು ಎರಡು ಪ್ರತಿಗಳು" ಎಂಬಂಥ ಸಾಲಿನಲ್ಲಿ ಮೊತ್ತಕ್ಕಿಂತ ದಿನದ ಮಾತು ಮುಖ್ಯ. ಪುಸ್ತಕ ಬಿಡುಗಡೆಯಾದ ಮೇಲೆ ಎಂದು ಬರೆದರೆ, ಆ ದಿನ ಯಾವಾಗ ಎಂಬುದು ಛಾಯಾಗ್ರಾಹಕರ ಕೈಯಲ್ಲಿಲ್ಲ.

ಉತ್ತರಕ್ಕೆ ದಿನ ಗೊತ್ತು ಮಾಡುವುದು ಸರಿ. ಆದರೆ "ಹತ್ತು ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆಯೆಂದು ತಿಳಿಯುತ್ತೇವೆ" ಎಂಬ ಸಾಲು ಬೇಡ. ಮೌನದಿಂದ ಪರವಾನಗಿ ಹುಟ್ಟುವುದಿಲ್ಲ. ಅದರ ಬದಲು "ಅಚ್ಚಿಗೆ ಹೋಗುವ ಮೊದಲು ತಮ್ಮ ಉತ್ತರ ಬಾರದಿದ್ದರೆ ಬೇರೆ ಚಿತ್ರ ಬಳಸುತ್ತೇವೆ" ಎಂದರೆ ಒತ್ತಡವಿಲ್ಲದೆ ಗಡುವು ತಿಳಿಯುತ್ತದೆ. ಪತ್ರದ ಅಡಿಯಲ್ಲಿ ಛಾಯಾಗ್ರಾಹಕರು ಹೆಸರು, ದಿನಾಂಕ ಬರೆದು ಕಳಿಸಬಹುದಾದ ಒಪ್ಪಿಗೆಯ ನಾಲ್ಕು ಸಾಲು ಸಿದ್ಧವಾಗಿರಬೇಕು; ಷರತ್ತು ಬರೆಯಲು ಜಾಗವೂ ಇರಬೇಕು. "ಮುಖವನ್ನು ರೇಖೆ ಮಾಡಬೇಡಿ, ಬಣ್ಣ ಬೇಕಾದಂತೆ ಬದಲಿಸಿ" ಎಂಬಂಥ ಅರ್ಧ ಒಪ್ಪಿಗೆ ಬಂದರೆ ಅದು ಹೊಸ ಪ್ರಸ್ತಾಪ. ಅದಕ್ಕೆ ಪ್ರಕಾಶಕರು ಮತ್ತೆ ಒಪ್ಪಿ ಬರೆದಾಗಲೇ ಮಾತು ಮುಗಿದಂತೆ.

ಒಪ್ಪಿಗೆ ಬಂದ ಮೇಲೆ ಮೂಲ ಕಡತವನ್ನು ಇ-ಮೇಲ್ ಅಥವಾ ಡ್ರೈವ್ ಕೊಂಡಿಯಲ್ಲಿ ತರಿಸಬೇಕು. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಪೂರ್ತಿ ಮುಖಪುಟಕ್ಕೆ 300 ಡಿಪಿಐ ಲೆಕ್ಕದಲ್ಲಿ ಎತ್ತರವೇ 2550 ಪಿಕ್ಸೆಲ್ ಬೇಕು. ಕುಗ್ಗಿದ ಚಿತ್ರವನ್ನು ಮೂರು ಬಣ್ಣಕ್ಕೆ ಇಳಿಸಿದಾಗ ಅಂಚುಗಳಲ್ಲಿ ಚೌಕ ಚೌಕ ಕಲೆಗಳು ಏಳುತ್ತವೆ, ಅವನ್ನು ಮುಚ್ಚಲು ಇನ್ನಷ್ಟು ತಿದ್ದಬೇಕಾಗುತ್ತದೆ, ಒಪ್ಪಿದ ಕರಡಿನಿಂದ ಚಿತ್ರ ದೂರವಾಗುತ್ತದೆ. ಅಂತಿಮ ಮುಖಪುಟ ಮತ್ತು ಹೆಸರಿನ ಸಾಲಿರುವ ಪುಟ ಎರಡರ ಪಿಡಿಎಫ್ ಅನ್ನು ಅಚ್ಚಿಗೆ ಮೊದಲು ಛಾಯಾಗ್ರಾಹಕರಿಗೆ ಕಳಿಸಿದರೆ ಕಾಗುಣಿತದ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಪಡೆದ ಅನುಮತಿ ಆ ಪ್ರಕಾಶಕರಿಗೆ, ಆ ಪುಸ್ತಕಕ್ಕೆ. ಸಂಕಲನ ಇಂಗ್ಲಿಷಿಗೋ ಮಲಯಾಳಕ್ಕೋ ಅನುವಾದವಾಗಿ ಅದೇ ಮುಖಪುಟ ಬೇಕೆಂದರೆ, ಲೇಖಕರು ಹಕ್ಕನ್ನು ಇನ್ನೊಂದು ಪ್ರಕಾಶನಕ್ಕೆ ಕೊಟ್ಟರೆ, ಕಥೆ ಸಿನಿಮಾ ಆಗಿ ಪೋಸ್ಟರಿಗೆ ಅದೇ ಚಿತ್ರ ಹೋದರೆ, ಪ್ರತಿಯೊಂದಕ್ಕೂ ಬೇರೆ ಪತ್ರ ಬೇಕು. ಹಾಗಾಗಿ ಛಾಯಾಗ್ರಾಹಕರ ಉತ್ತರವನ್ನು ಮುಖಪುಟದ ಕಡತದ ಜೊತೆಗೇ ಇಡುವುದು ಒಳ್ಳೆಯ ರೂಢಿ. ವಿನ್ಯಾಸದ ಕಡತ ಯಾರ ಕೈಗೆ ಹೋದರೂ ಷರತ್ತುಗಳು ಅದರ ಜೊತೆಗೆ ಹೋಗುತ್ತವೆ.